ಮಾತು ಬಿಟ್ಟಿದ್ದ ಅಪ್ಪ ತೀರಿಕೊಂಡಾಗ ಮಗಳಿಗೆ ಏನಂತ ಬರೆಯುವುದು?

ಎಲ್ಲರಿಗೂ ನಮಸ್ಕಾರ.

ನನ್ನ ಗೆಳತಿಯ ಅಪ್ಪ ಮೊನ್ನೆ ತೀರಿಕೊಂಡರು. ಇಬ್ಬರ ನಡುವೆ ಬಹಳ ವರ್ಷಗಳಿಂದ ಮಾತಿರಲಿಲ್ಲ. ಚಿಕ್ಕವಳಿದ್ದಾಗ ಅವರಿಂದ ತುಂಬಾ ಪೆಟ್ಟು ತಿಂದವಳು, ದೊಡ್ಡವಳಾದ ಮೇಲೆ ತಾನೇ ದೂರ ಸರಿದಳು. ಸುದ್ದಿ ತಿಳಿಸಿದ್ದೂ ಅವಳೇ: 'ಅಪ್ಪ ಹೋದರು. ಅಳು ಬರ್ತಿಲ್ಲ. ಹಾಗಂತ ಏನೂ ಆಗ್ತಿಲ್ಲ ಅಂತಾನೂ ಅಲ್ಲ.'

ನಾನು ಬರೆದಿಟ್ಟುಕೊಂಡು ಇನ್ನೂ ಕಳಿಸದ ಉತ್ತರ ಇದು:

'ನಿನ್ನ ತಂದೆಯವರ ಅಗಲಿಕೆಯ ಸುದ್ದಿ ಕೇಳಿ ತುಂಬಾ ದುಃಖವಾಯಿತು. ಇದು ತುಂಬಲಾರದ ನಷ್ಟ. ಈ ನೋವನ್ನು ಭರಿಸುವ ಶಕ್ತಿ ದೇವರು ನಿನಗೆ ಕೊಡಲಿ.'

ಅವಳ ವಿಷಯದಲ್ಲಿ ಒಂದೊಂದು ಸಾಲೂ ಸುಳ್ಳು ಅನ್ನಿಸುತ್ತಿದೆ. ಸಂತಾಪ, ಸಾಂತ್ವನ, ಶ್ರದ್ಧಾಂಜಲಿ, ಇವುಗಳಲ್ಲಿ ಇಲ್ಲಿ ಯಾವುದು ಹೊಂದುತ್ತದೆ?
– ಸು.

ಶ್ರದ್ಧಾಂಜಲಿ ಬೇಡ, ಅದು ತೀರಿಕೊಂಡವರಿಗೆ ಸಲ್ಲಿಸುವುದು. ಸಂತಾಪ ಸರಿಹೋಗುತ್ತದೆ. ತಾಪ ಅಂದರೆ ಬೇಗೆ. ಮನಸ್ತಾಪದಲ್ಲಿ ಇರುವುದೂ ಅದೇ ತಾಪ. ಸಿಟ್ಟು, ದುಃಖ ಎರಡೂ ಒಂದೇ ಪದದೊಳಗೆ ಬಂತು ಅಲ್ವಾ?
– ವಿ.

ಪತ್ರಿಕೆಯಲ್ಲಿ ಹಾಕಿಸುವುದಾದರೆ 'ದೈವಾಧೀನರಾದರು' ಎಂದು ಬರೆಯಿರಿ. ಕೆಳಗೆ 'ದುಃಖತಪ್ತ ಕುಟುಂಬವರ್ಗ' ಇರಲಿ.
– ರಾ.

ರಾ. ಅವರೇ, ಸು. ಕೇಳುತ್ತಿರುವುದು ಗೆಳತಿಗೆ ಬರೆಯುವ ಮಾತು, ಜಾಹೀರಾತಲ್ಲ.

ವಿ. ಅವರು ಶ್ರದ್ಧಾಂಜಲಿ ಬಗ್ಗೆ ಹೇಳಿದ್ದು ಸರಿ. ತಾಪದ ಮೂಲವೂ ಸರಿ. ಆದರೆ ಓದುವವರಿಗೆ ಮೂಲ ಕೇಳಿಸುವುದಿಲ್ಲ, ಬಳಕೆ ಕೇಳಿಸುತ್ತದೆ. 'ಸಂತಾಪ' ಅಂದ ಕೂಡಲೇ 'ಗಣ್ಯರು ಸಂತಾಪ ಸೂಚಿಸಿದ್ದಾರೆ' ಅನ್ನುವ ಸುದ್ದಿ ನೆನಪಾಗುತ್ತದೆ. ಗೆಳತಿಗೆ ಅದು ತೀರಾ ದೂರದ ಮಾತು.

ಪದ ಬದಲಿಸಿದರೆ ಸಾಲದು. ನಿಮ್ಮ ವಾಕ್ಯಗಳು ಏನನ್ನು ಮೊದಲೇ ನಂಬಿಕೊಂಡಿವೆ ನೋಡಿ. 'ತುಂಬಲಾರದ ನಷ್ಟ' ಅನ್ನಬೇಕಾದರೆ ಮೊನ್ನೆಯವರೆಗೆ ಅದು ಕೈಯಲ್ಲಿ ಇದ್ದಿರಬೇಕು. ಅವಳ ಪಾಲಿಗೆ ಅಪ್ಪ ಇಲ್ಲವಾಗಿ ಎಷ್ಟೋ ಕಾಲ ಆಗಿದೆ. 'ಈ ನೋವನ್ನು' ಎಂದಿದ್ದೀರಿ. ಯಾವ ನೋವು? ಅವಳು ನೋವು ಅಂದೇ ಇಲ್ಲ. ಆ 'ಈ' ಅವಳ ಎದೆಯೊಳಗಿನದನ್ನು ನೀವೇ ಬೆರಳಿಟ್ಟು ತೋರಿಸಿದಂತಿದೆ.

'ನಿನಗೆ ಸಿಟ್ಟು, ದುಃಖ ಎರಡೂ ಇರಬೇಕು' ಅಂತಲೂ ಬರೆಯಬೇಡಿ. 'ಇರಬೇಕು' ಅನ್ನುವುದು ಊಹೆ, ಆದರೆ ಓದುವಾಗ ತೀರ್ಪಿನ ಹಾಗೆ ಕೇಳುತ್ತದೆ. 'ಇರಬಹುದು' ಸ್ವಲ್ಪ ಮೆದು. ನನ್ನ ಆಯ್ಕೆ ಕೊನೆಯ 'ಓ': 'ನಿನಗೆ ಏನೇನು ಆಗ್ತಿದೆಯೋ.' ಗೊತ್ತಿಲ್ಲ ಅನ್ನುವುದನ್ನೂ, ಏನೋ ಇದೆ ಅನ್ನುವುದನ್ನೂ ಅದು ಒಟ್ಟಿಗೆ ಹೇಳುತ್ತದೆ. ಅವಳಿಗೆ ಇಷ್ಟವಿದ್ದರೆ ತುಂಬಿಕೊಳ್ಳಲು ಜಾಗವೂ ಉಳಿಯುತ್ತದೆ.

ಇನ್ನೊಂದು. ಅವಳು 'ಅಪ್ಪ ಹೋದರು' ಅಂದಿದ್ದಾಳೆ. 'ಹೋದರು' ಎಂಬ ಮರ್ಯಾದೆಯಷ್ಟನ್ನು ಅವಳೇ ಇಟ್ಟುಕೊಂಡಿದ್ದಾಳೆ. ಅದನ್ನೇ ಬಳಸಿ. 'ತಂದೆಯವರು', 'ಪೂಜ್ಯರು' ಅಂತ ಏರಿಸಬೇಡಿ. 'ಕೊನೆಗೂ ಬಿಡುಗಡೆ ಆಯ್ತು' ಅಂತ ಇಳಿಸಲೂ ಬೇಡಿ. ಆ ಮಾತು ಬರುವುದಾದರೆ ಅವಳ ಬಾಯಿಂದ ಬರಲಿ.
– ಗೋ.

ನನ್ನ ಅಮ್ಮನಿಗೂ ನನಗೂ ಹೀಗೇ ಇತ್ತು. ಅವರು ಹೋದಾಗ ಬಂದ ಸಂದೇಶಗಳಲ್ಲಿ 'ಅವರ ಆತ್ಮಕ್ಕೆ ಶಾಂತಿ ಸಿಗಲಿ' ಎಂಬುದೇ ಜಾಸ್ತಿ. ಗೋ. ಅವರಿಗೆ ಅದು ಸವಕಲು ಮಾತು ಅನ್ನಿಸಬಹುದು. ನನಗೆ ಮಾತ್ರ ಅದರಿಂದ ಏನೂ ಬೇಜಾರಾಗಲಿಲ್ಲ, ಅದರಲ್ಲಿ ನನ್ನ ಸುದ್ದಿಯೇ ಇರಲಿಲ್ಲವಲ್ಲ. ಸುಮ್ನೆ ಕೈಮುಗಿದ ಚಿತ್ರ ಕಳಿಸಿದರೆ ಮುಗಿಯುತ್ತಿತ್ತು.

ಚುಚ್ಚಿದ್ದು 'ಎಷ್ಟಾದರೂ ಹೆತ್ತ ತಾಯಿ ಅಲ್ವಾ.' ಆ 'ಎಷ್ಟಾದರೂ' ಒಂದೇ ಪದ ನಾನು ಅನುಭವಿಸಿದ್ದನ್ನೆಲ್ಲ ಬದಿಗೆ ಸರಿಸಿಬಿಟ್ಟಿತು. ಒಬ್ಬರು 'ಉತ್ತರ ಬರೆಯಬೇಕಾಗಿಲ್ಲ' ಅಂತ ಸೇರಿಸಿದ್ದರು. ಅದನ್ನು ಓದಿ ಉಸಿರು ಸಡಿಲವಾಯಿತು.
– ಲ.

ಎಲ್ಲರಿಗೂ ಧನ್ಯವಾದ. ಲ. ಅವರೇ, ಇದನ್ನು ಇಲ್ಲಿ ಹೇಳಿದ್ದಕ್ಕೆ ನಿಮಗೆ ವಿಶೇಷವಾಗಿ. ಈಗ ಹೀಗೆ ತಿದ್ದಿದ್ದೇನೆ:

'ನೀನು ಬರೆದದ್ದು ಓದಿದೆ. ಅಪ್ಪ ಹೋದರು ಅಂತ ಗೊತ್ತಾದಾಗಿನಿಂದ ನಿನಗೆ ಏನೇನು ಆಗ್ತಿದೆಯೋ. ಅಳು ಬಂದರೂ ಸರಿ, ಬರದಿದ್ದರೂ ಸರಿ. ಇದಕ್ಕೆ ಉತ್ತರ ಬರೀಬೇಕಾಗಿಲ್ಲ. ಭಾನುವಾರ ಸಂಜೆ ಫೋನ್ ಮಾಡ್ತೀನಿ. ಮಾತಾಡೋಕೆ ಮನಸ್ಸಿಲ್ಲದಿದ್ದರೆ ಎತ್ತಬೇಡ.'
– ಸು.

ಚೆನ್ನಾಗಿದೆ. ಒಂದೇ ಅನುಮಾನ: 'ಬಂದರೂ ಸರಿ, ಬರದಿದ್ದರೂ ಸರಿ' ಎಂದಾಗ ಅಪ್ಪಣೆ ಕೊಟ್ಟಂತೆ ಆಗುವುದಿಲ್ಲವೇ? ನಾನಾಗಿದ್ದರೆ ಆ ಸಾಲು ತೆಗೆಯುತ್ತಿದ್ದೆ.
– ಗೋ.

ದಯವಿಟ್ಟು ತೆಗೆಯಬೇಡಿ. ಅಳದೆ ನಿಂತ ನನ್ನನ್ನು ಎಲ್ಲರೂ ನೋಡುತ್ತಿದ್ದ ಆ ದಿನ, ಯಾರಾದರೂ ಅಷ್ಟು ಹೇಳಿದ್ದರೆ ಸಾಕಿತ್ತು.
– ಲ.