ನ್ಯೂಟನ್ ವಿಧಾನದಲ್ಲಿ ದೋಷ ಪ್ರತಿ ಸುತ್ತಿಗೂ ಅರ್ಧವಷ್ಟೇ ಆಗುತ್ತಿದೆ, ಕಾರಣವೇನು?

ಅಂಕಗಣಕ: `x^3 - 3x + 2 = 0` ಸಮೀಕರಣದ ಮೂಲ 1ನ್ನು ನ್ಯೂಟನ್ ವಿಧಾನದಿಂದ, x = 2ರಿಂದ ಆರಂಭಿಸಿ ಹುಡುಕುತ್ತಿದ್ದೇನೆ. ದೋಷಗಳು ಕ್ರಮವಾಗಿ 1, 0.5556, 0.2979, 0.1554, 0.0796 ಎಂದು ಬರುತ್ತಿವೆ. ಇದೇ ಪ್ರೋಗ್ರಾಮ್ `x^2 - 2`ಕ್ಕೆ 1.5ರಿಂದ ಹೊರಟಾಗ 0.0858, 0.00245, 0.0000021 ಎಂದು ಕ್ಷಿಪ್ರವಾಗಿ ಇಳಿಯುತ್ತದೆ. ನಿಷ್ಪನ್ನವನ್ನು ಪರಿಶೀಲಿಸಿದ್ದೇನೆ, ಅದು ಸರಿಯಾಗಿದೆ.

ಸೀಕೆಂಟ್‌ಪ್ರಿಯ: ಸೀಕೆಂಟ್ ವಿಧಾನಕ್ಕೆ ಬದಲಾಯಿಸಿ ನೋಡಿ. ಅದರ ಅಭಿಸರಣ ಅತಿರೇಖೀಯ. `x^2 - 2`ಕ್ಕೆ 1 ಮತ್ತು 2ರಿಂದ ಆರಂಭಿಸಿದರೆ ದೋಷದ ಗಾತ್ರ 0.0809, 0.0142, 0.00042, 0.0000021 ಎಂದು ಇಳಿಯುತ್ತದೆ. ಒಂದು ದೋಷವನ್ನು ಅದರ ಹಿಂದಿನದರಿಂದ ಭಾಗಿಸಿದರೆ 0.176, 0.030, 0.005 ಸಿಗುತ್ತವೆ, ಅಂದರೆ ಅನುಪಾತವೇ ಸೊನ್ನೆಯತ್ತ ಸಾಗುತ್ತಿದೆ.

ಶೇಷಪದ: ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ ಇಲ್ಲಿ ಆ ಪರಿಹಾರ ಫಲಿಸದು. ಈ ಬಹುಪದವು `(x-1)^2 (x+2)` ಆಗಿರುವುದರಿಂದ 1 ಇಮ್ಮಡಿ ಮೂಲ. ಅಲ್ಲಿ ನಿಷ್ಪನ್ನವೂ ಸೊನ್ನೆಯಾಗುವ ಕಾರಣ ನ್ಯೂಟನ್ ವಿಧಾನದ ವರ್ಗೀಯ ವೇಗ ಉಳಿಯದೆ, ಅನುಪಾತ 0.556, 0.536, 0.522, 0.512 ಎಂದು ಅರ್ಧದ ಬಳಿ ನೆಲೆಗೊಳ್ಳುತ್ತದೆ. ಸೀಕೆಂಟ್ ವಿಧಾನಕ್ಕೂ ಇದೇ ಗತಿ. `x^2 = 0`ಕ್ಕೆ 1 ಮತ್ತು 1/2ರಿಂದ ಆರಂಭಿಸಿ ನೋಡಿ: 1/3, 1/5, 1/8, 1/13 ಬರುತ್ತವೆ. ಛೇದಗಳು ಫಿಬೊನಾಚಿ ಸಂಖ್ಯೆಗಳಾದ್ದರಿಂದ ಅನುಪಾತ 0.618ಕ್ಕೆ ನಿಲ್ಲುತ್ತದೆ, ಅದು ಅರ್ಧಕ್ಕಿಂತಲೂ ನಿಧಾನ.

ಹೆಜ್ಜೆಯನ್ನು ಇಮ್ಮಡಿಗೊಳಿಸಿದರೆ ವೇಗ ಮರಳುತ್ತದೆ:

```
x = x - 2*f(x)/df(x)
```

ಆಗ ದೋಷಗಳು 1, 0.111, 0.00195, 0.00000063. ಪ್ರತಿ ದೋಷವೂ ಹಿಂದಿನದರ ವರ್ಗದ ಸುಮಾರು ಆರನೇ ಒಂದು ಭಾಗ. ಆದರೆ ಡಬಲ್ ನಿಖರತೆಯಲ್ಲಿ ದೋಷ 10⁻⁸ರ ಆಸುಪಾಸಿಗೆ ಬಂದಾಗ `f(x)`ನ ಬೆಲೆ ಪೂರ್ಣಾಂಕನ ದೋಷದಲ್ಲೇ ಮುಳುಗುತ್ತದೆ. ಅದಾದ ಮೇಲೆ ಸಿಗುವ ಅಂಕಿಗಳನ್ನು ನಂಬಬೇಡಿ, `0/0` ಬರುವ ಮೊದಲೇ ನಿಲ್ಲಿಸಿ.

ಕೋಸೈನ್: ನನ್ನ `x = cos(x)` ಲೆಕ್ಕವೂ ನಿಧಾನವಾಗಿದೆ, ಅನುಪಾತ ಸುಮಾರು 0.67. ಅಲ್ಲೂ ಇಮ್ಮಡಿ ಮೂಲವಿದೆಯೇ?

ಶೇಷಪದ: ಇಲ್ಲ. ಅದು ಸರಳ ಪುನರಾವರ್ತನೆ, ಉತ್ತರ 0.739ರಲ್ಲಿ sin xನ ಬೆಲೆಯೇ 0.67. ಅಲ್ಲಿ ರೇಖೀಯ ವೇಗವೇ ಸಹಜ, ದೋಷದ ಚಿಹ್ನೆಯೂ ಪ್ರತಿ ಸುತ್ತಿಗೆ ಬದಲಾಗುತ್ತದೆ.

ಅಂಕಗಣಕ: ಇಮ್ಮಡಿ ಹೆಜ್ಜೆ ಕೆಲಸ ಮಾಡಿತು, ಧನ್ಯವಾದಗಳು. ಆದರೆ ಮೂಲವೇ ತಿಳಿಯದಿದ್ದಾಗ ಇದನ್ನು ಗುರುತಿಸುವುದು ಹೇಗೆ?

ಶೇಷಪದ: ಸಾಮಾನ್ಯ ನ್ಯೂಟನ್ ವಿಧಾನದ ಹೆಜ್ಜೆಗಳನ್ನೇ ಹೋಲಿಸಿ. ನಿಮ್ಮಲ್ಲಿ ಅವು 0.444, 0.258, 0.143, 0.076, ಅನುಪಾತ 0.58, 0.55, 0.53 ಎಂದು ಅರ್ಧದತ್ತ ಸಾಗುತ್ತದೆ. ಮುಮ್ಮಡಿ ಮೂಲವಾಗಿದ್ದರೆ ಅದು 2/3ರತ್ತ ಸಾಗುತ್ತಿತ್ತು.

ಅಂಕಗಣಕ: ಮೂಲಗಳು 1 ಮತ್ತು 1.001 ಆಗಿದ್ದರೆ?

ಶೇಷಪದ: ದೂರದಲ್ಲಿ ಅರ್ಧದ ಅನುಪಾತವೇ ಕಾಣುತ್ತದೆ, ಅಂತರ 0.001ರ ಮಟ್ಟಕ್ಕಿಳಿದ ಮೇಲೆ ವರ್ಗೀಯ ವೇಗ ತಾನಾಗಿ ಬರುತ್ತದೆ. ಅಲ್ಲಿ ಇಮ್ಮಡಿ ಹೆಜ್ಜೆ ಮೂಲವನ್ನು ದಾಟಿ ಹೋಗುತ್ತದೆ. ಯಾವ ಹಂತದಲ್ಲಿ ಒಂದರಿಂದ ಮತ್ತೊಂದಕ್ಕೆ ಬದಲಾಯಿಸಬೇಕೆಂಬುದಕ್ಕೆ ನನ್ನಲ್ಲಿ ಖಚಿತ ನಿಯಮವಿಲ್ಲ, ಬಲ್ಲವರು ತಿಳಿಸಲಿ.