ಅಪ್‌ಡೇಟ್: 90 ಸೆಕೆಂಡಿನ ವಾಯ್ಸ್ ಓವರ್ ಕೊನೆಗೂ 88ಕ್ಕೆ ಮುಗೀತು

ನಾನು ಕೇಳಿದ್ದು: "ಮಳೆನೀರು ಕೊಯ್ಲಿನ ಬಗ್ಗೆ 90 ಸೆಕೆಂಡಿನ ವಿಡಿಯೊ. ನಿಮಿಷಕ್ಕೆ 150 ಪದ ಅಂತ ಲೆಕ್ಕ ಹಾಕಿ 225 ಪದ ಬರೆದೆ. ಓದಿದರೆ 2 ನಿಮಿಷ 25 ಸೆಕೆಂಡ್! ಎಲ್ಲಿ ತಪ್ಪಿದೆ?"

ತಪ್ಪಿದ್ದು ಆ 150ರಲ್ಲೇ. ಅದು ಇಂಗ್ಲಿಷಿನ ಲೆಕ್ಕ. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಬೇಕಾದ್ದನ್ನು ನಾವು "ಶೇಖರಿಸಿಟ್ಟುಕೊಳ್ಳಬಹುದು" ಅಂತ ಒಂದೇ ಪದದಲ್ಲಿ ಹೇಳಿಬಿಡ್ತೀವಿ, ಆದರೆ ನಾಲಿಗೆ ಅಷ್ಟೂ ಅಕ್ಷರ ಉರುಳಿಸಲೇಬೇಕಲ್ಲ.

ಮೊದಲು ಎಡಿಟರ್‌ನಲ್ಲಿ ವೇಗ 1.25 ಪಟ್ಟು ಮಾಡಿ ನೋಡಿದೆ. ಹರಾಜು ಕೂಗಿದ ಹಾಗಿತ್ತು, ಆದರೂ 116 ಸೆಕೆಂಡ್.

ಕೈಹಿಡಿದದ್ದು "ನಿಮ್ಮದೇ ದನಿಯ ವೇಗ ಅಳೆಯಿರಿ" ಅನ್ನೋ ಸಲಹೆ. 225 ಪದಕ್ಕೆ 145 ಸೆಕೆಂಡ್, ಅಂದರೆ ನಿಮಿಷಕ್ಕೆ ಸುಮಾರು 93 ಪದ. ಶುರುವಿನ ಸಂಗೀತ, ಚಿತ್ರ ಬದಲಾಗುವಾಗಿನ ಬಿಡುವು ಅಂತ 8 ಸೆಕೆಂಡ್ ತೆಗೆದಿಟ್ಟೆ. ಉಳಿದ 82 ಸೆಕೆಂಡಿಗೆ 127 ಪದ. ನೂರು ಪದ ಕತ್ತರಿಸೋಕೆ ಸಂಕಟವಾಯ್ತು, ಆದರೆ ಅದರಲ್ಲಿ ಅರ್ಧ ತೆರೆ ಮೇಲೆ ಕಾಣೋದನ್ನೇ ಬಾಯಲ್ಲೂ ಹೇಳ್ತಿತ್ತು.

ನಾನು ಊಹಿಸದೇ ಇದ್ದದ್ದು ಅಂಕಿಗಳ ಕಾಟ. "1,08,000 ಲೀಟರ್" ಪದ ಎಣಿಕೆಯಲ್ಲಿ ಎರಡೇ. ಓದುವಾಗ "ಒಂದು ಲಕ್ಷ ಎಂಟು ಸಾವಿರ ಲೀಟರ್", ಐದು ಪದ. ಈಗ ಅಂಕಿಯನ್ನೆಲ್ಲ ಅಕ್ಷರದಲ್ಲಿ ಬರೆದೇ ಎಣಿಸ್ತೀನಿ. ಇದನ್ನಂತೂ "ಲಕ್ಷ ಲೀಟರಿಗೂ ಹೆಚ್ಚು" ಮಾಡಿದೆ.

ಮನಸ್ಸಲ್ಲೇ ಓದಿ ಸಮಯ ನೋಡಬೇಡಿ. ನನಗೆ ಹಾಗೆ 70 ಸೆಕೆಂಡ್ ಬಂದಿತ್ತು, ಮೈಕ್ ಮುಂದೆ ಅದೇ ಪಠ್ಯ, ಸಂಗೀತ, ಬಿಡುವು ಎಲ್ಲ ಸೇರಿ 88.