ವೀಡಿಯೊ ಇಂಟರ್‌ವ್ಯೂನಲ್ಲಿ ವಾಯ್ಸ್ ನೀರೊಳಗಿಂದ ಬಂದಂಗಿದೆ ಅಂತಾರೆ, ಮುಖ ಕಪ್ಪು. ಗುರುವಾರ ಇನ್ನೊಂದಿದೆ, ಹೆಲ್ಪ್ ಮಾಡಿ

ಅಡಿಕೆತೋಟ · ಸೋಮವಾರ ರಾತ್ರಿ 10:15

ತಲೆ ಕೆಟ್ಟೋಗಿದೆ. ಇವತ್ತು ಮಧ್ಯಾಹ್ನ ಇಂಟರ್‌ವ್ಯೂ ಇತ್ತು, ಶುರುವಾಗಿ ಎರಡು ನಿಮಿಷಕ್ಕೇ ಆ ಕಡೆಯವ್ರು ನಿಮ್ ವಾಯ್ಸ್ ನೀರೊಳಗಿಂದ ಬಂದಂಗಿದೆ ಅಂದ್ರು, ಆಮೇಲೆ ಮುಖ ಕಾಣ್ತಿಲ್ಲ ಬರೀ ನೆರಳು ಅಂದ್ರು, ನಾನು ಸ್ಕ್ರೀನ್ ಬ್ರೈಟ್‌ನೆಸ್ ಫುಲ್ ಮಾಡ್ದೆ, ಏನೂ ಉಪಯೋಗ ಆಗ್ಲಿಲ್ಲ. ಕೊನೆಗೆ ಫೀಡ್‌ಬ್ಯಾಕಲ್ಲಿ "ಮುಖ ಕೊಟ್ಟು ಮಾತಾಡಲ್ಲ, ಕೆಳಗೆ ನೋಡ್ಕೊಂಡಿದ್ರು" ಅಂತ ಬೇರೆ. ಇಡೀ ಹೊತ್ತು ಅವರ ಮುಖಾನೇ ನೋಡ್ತಿದ್ದೆ ಕಣ್ರೀ! ನೆಟ್ 100 ಎಂಬಿಪಿಎಸ್ ಫೈಬರ್, ಲ್ಯಾಪ್‌ಟಾಪ್ ಹೋದ ವರ್ಷದ್ದು, ವಿಂಡೋಸ್. ಗುರುವಾರ 11ಕ್ಕೆ ಎರಡನೇ ರೌಂಡು, ಜೂಮಲ್ಲಿ. ನಮ್ದು ಸಾಗರದ ಹತ್ರ ಹಳ್ಳಿ, ಮಳೆ ಹಿಡ್ಕೊಂಡಿದೆ, ಕರೆಂಟ್ ಕತೆ ಕೇಳಲೇಬೇಡಿ.

ರೌಟರ್‌ರಾಯ · ರಾತ್ರಿ 10:31

ಇದು ನೆಟ್ ಪ್ರಾಬ್ಲಮ್ಮ ಐತ್ರಿ, ನೂರಕ್ಕ ನೂರು. 100 ಎಂಬಿಪಿಎಸ್ ಅನ್ನೋದು ಬಿಲ್‌ನ್ಯಾಗ ಇರ್ತೈತಿ, ಮನಿಗೆ ಬರೂದು ಬ್ಯಾರೆ. ರೌಟರ್ ಆಫ್ ಮಾಡಿ ಆನ್ ಮಾಡ್ರಿ, ಡಿಎನ್‌ಎಸ್ 8.8.8.8 ಹಾಕ್ರಿ, ಪ್ಲಾನ್ 200ಕ್ಕ ಏರಿಸ್ರಿ.

ಕಡಲತಡಿ · ರಾತ್ರಿ 10:50

ನಾನು ಸಹ ಇಂಟರ್‌ವ್ಯೂ ಮಾಡುವವನೇ ಮಾರ್ರೆ, ನಮ್ಮೂರಿನ ಹಿರಿಯರದ್ದು ಮಾಡಿ ಯೂಟ್ಯೂಬಿಗೆ ಹಾಕುದು. ಗೆಸ್ಟಿಗೆ ಒಂದು ಕಾಲರ್ ಮೈಕ್ ಸಿಕ್ಕಿಸಿ, ನೀವು ಕ್ಯಾಮೆರಾದ ಪಕ್ಕ ಕೂತ್ಕೊಳ್ಳಿ, ಗೆಸ್ಟ್ ನಿಮ್ಮನ್ನೇ ನೋಡ್ತಾರೆ, ಕಣ್ಣಿನ ಸಮಸ್ಯೆ ಅಲ್ಲಿಗೆ ಮುಗೀತು.

ಅಡಿಕೆತೋಟ · ರಾತ್ರಿ 11:02

ಅಣ್ಣಾ ನಾನು ಇಂಟರ್‌ವ್ಯೂ ಮಾಡೋನಲ್ಲ, ಕೊಡೋನು. ಕೆಲಸಕ್ಕೆ.

@ರೌಟರ್‌ರಾಯ ಎಲ್ಲಾ ಮಾಡ್ದೆ. ಸ್ಪೀಡ್ ಟೆಸ್ಟಲ್ಲಿ 94 ಬರ್ತಿದೆ. ಫ್ರೆಂಡಿಗೆ ಕಾಲ್ ಮಾಡ್ದೆ, ಅದೇ ನೀರೊಳಗಿನ ವಾಯ್ಸು.

ಬೆಣ್ಣೆದೋಸೆ72 · ರಾತ್ರಿ 11:20

ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ಯಾರು ಗುರು ಇಂಟರ್‌ವ್ಯೂ ಕೊಡ್ತಾರೆ? ನಂದು ಮಿರರ್‌ಲೆಸ್ ಕ್ಯಾಮೆರಾ, 35 ಎಂಎಂ ಲೆನ್ಸು, ಕ್ಯಾಪ್ಚರ್ ಕಾರ್ಡು, ಮುಂದೆ ಟೆಲಿಪ್ರಾಂಪ್ಟರ್ ಗಾಜು, ಆ ಕಡೆಯವರ ಮುಖ ಲೆನ್ಸ್ ಮೇಲೇ ಕಾಣುತ್ತೆ. ಹಿಂದೆ ವಾರ್ಮ್ ಲೈಟು. ಫೋಟೋ ಆಮೇಲೆ ಹಾಕ್ತೀನಿ.

ಮೈಕ್‌ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 6:40

ಫೋಟೋ ನಿಧಾನಕ್ಕೆ ಹಾಕು ಮಾರಾಯ, ಗುರುವಾರಕ್ಕೆ ಅವನು ಎಲ್ಲಿಂದ ತರ್ತಾನೆ ಅದನ್ನ.

ತೋಟದವರೇ, ಎರಡು ಪ್ರಶ್ನೆ. ಮೈಕ್ ಯಾವುದು? ಕಿಟಕಿ ನಿಮ್ಮ ಮುಂದಿದೆಯೋ ಬೆನ್ನಿಗೋ? ಇದೆರಡನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಬರ್ದಿದ್ದೀರಿ.

ಅಡಿಕೆತೋಟ · ಬೆಳಿಗ್ಗೆ 7:55

ಮೈಕ್ ಅಂತ ಬೇರೆ ಇಲ್ಲ ಸಾರ್, ಬ್ಲೂಟೂತ್ ಬಡ್ಸು. ಹಾಡು ಸಕತ್ ಕ್ಲಿಯರ್ ಕೇಳುತ್ತೆ, ಅದಕ್ಕೇ ಹೇಳ್ಲಿಲ್ಲ. ಅಟ್ಟದ ಮೇಲಿನ ರೂಮು, ಹಿಂದೆ ದೊಡ್ಡ ಕಿಟಕಿ, ತೋಟ ಚೆನ್ನಾಗಿ ಕಾಣುತ್ತೆ ಅಂತ ಆ ಕಡೆ ಬೆನ್ನು ಹಾಕಿ ಕೂತಿದ್ದೆ.

ಮೈಕ್‌ಮೇಷ್ಟ್ರು · ಬೆಳಿಗ್ಗೆ 8:20

ಸಿಕ್ತಲ್ಲ. ಹಾಡು ಕೇಳೋವಾಗ ಬಡ್ಸು ಒಂದು ದಾರೀಲಿ ಕೆಲಸ ಮಾಡುತ್ತೆ, ಮೈಕ್ ಆನ್ ಆದ ತಕ್ಷಣ ಇನ್ನೊಂದಕ್ಕೆ ಹಾರುತ್ತೆ, ಅದು ಫೋನ್ ಕಾಲಿಗೆ ಅಂತ ಮಾಡಿದ ಹಳೇ ದಾರಿ, ಅದರಲ್ಲಿ ವಾಯ್ಸಿನ ಮೇಲಿನ ಭಾಗ ಎಲ್ಲಾ ಕತ್ತರಿಸಿ ಹೋಗುತ್ತೆ. "ಸ" "ಶ" ಎರಡೂ ಒಂದೇ ಥರ ಕೇಳೋದು ಅದಕ್ಕೇ. ಸೌಂಡ್ ಸೆಟಿಂಗಲ್ಲಿ ಮೈಕ್ ಹೆಸರಿನ ಜೊತೆ `Hands-Free AG Audio` ಅಂತ ಇದ್ರೆ ಅದೇ ದಾರಿ.

ನನ್ನ ಮಾತು ನಂಬಬೇಡಿ, ಟೆಸ್ಟ್ ಮಾಡಿ. ವೈಫೈ ಆಫ್ ಮಾಡಿ, ಲ್ಯಾಪ್‌ಟಾಪಿನ `Sound Recorder` ತೆಗೆದು ಬಡ್ಸಲ್ಲೇ ಅರ್ಧ ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಆಮೇಲೆ ಬಡ್ಸ್ ತೆಗೆದು ಲ್ಯಾಪ್‌ಟಾಪ್ ಸ್ಪೀಕರಲ್ಲಿ ಕೇಳಿ. ಅಲ್ಲೂ ನೀರೊಳಗಿನ ವಾಯ್ಸ್ ಇದ್ರೆ ನೆಟ್ ತಪ್ಪಲ್ಲ, ನೆಟ್ಟೇ ಇರ್ಲಿಲ್ವಲ್ಲ.

ರೌಟರ್‌ರಾಯ · ಬೆಳಿಗ್ಗೆ 9:05

ಮೇಷ್ಟ್ರ, ಬಡ್ಸ್ ಇದ್ದವರೆಲ್ಲಾ ಮೀಟಿಂಗ್ ಮಾಡಾಕತ್ತಾರಲ್ಲ, ಅವರ ವಾಯ್ಸ್ ಯಾಕ ಬರೋಬ್ಬರಿ ಇರ್ತೈತಿ? ನಾ ಹೇಳೂದು ನೆಟ್ಟ.

ಅಡಿಕೆತೋಟ · ಬೆಳಿಗ್ಗೆ 9:40

ಮಾಡ್ದೆ. ನೆಟ್ ಇಲ್ದೇನೂ ಅದೇ ವಾಯ್ಸು, ನನ್ನ ವಾಯ್ಸ್ ಇಷ್ಟು ಕೆಟ್ಟದಾಗಿ ಯಾವತ್ತೂ ಕೇಳಿರ್ಲಿಲ್ಲ. ಹಳೇ ಮೊಬೈಲ್ ಡಬ್ಬದಲ್ಲಿ ಬಂದಿದ್ದ ವೈರ್ ಇಯರ್‌ಫೋನ್ ಹುಡುಕಿ ಹಾಕ್ದೆ, ಎಷ್ಟೋ ವಾಸಿ. ಆದ್ರೆ ಒಂದು, ಫ್ರೆಂಡ್ ಹೇಳ್ದ ನಿನ್ನೆ ಮಧ್ಯ ಮಧ್ಯ ಮಾತು ಪೂರ್ತಿ ಕಟ್ ಕೂಡ ಆಗ್ತಿತ್ತು ಅಂತ.

ಮೈಕ್‌ಮೇಷ್ಟ್ರು · ಬೆಳಿಗ್ಗೆ 10:10

ಕಟ್ ಆಗೋದು ಬೇರೆ ಕಾಯಿಲೆ, ಅಲ್ಲಿ ರಾಯರ ಮಾತು ಅರ್ಧ ಸರಿ ಇರಬಹುದು. ಲ್ಯಾಪ್‌ಟಾಪಲ್ಲಿ ಕಮಾಂಡ್ ಪ್ರಾಂಪ್ಟಿನ ಎರಡು ಕಪ್ಪು ಕಿಟಕಿ ತೆಗೆದು ಒಂದೊಂದರಲ್ಲಿ ಒಂದೊಂದು ಹಾಕಿ ಐದು ನಿಮಿಷ ಬಿಡಿ:

```
ping -t 192.168.1.1
ping -t 8.8.8.8
```

ಮೊದಲನೇದು ನಿಮ್ಮ ರೌಟರ್ (ನಂಬರ್ ಬೇರೆ ಇದ್ರೆ `ipconfig`ನಲ್ಲಿ `Default Gateway` ಎದುರು ಸಿಗುತ್ತೆ), ಎರಡನೇದು ಹೊರಗಿನ ಲೋಕ. ರೌಟರ್‌ಗೇ ಎರಡು ಮಿಲಿಸೆಕೆಂಡ್ ಇದ್ದದ್ದು ಇನ್ನೂರಕ್ಕೆ ಹಾರ್ತಿದ್ರೆ ಮನೆಯೊಳಗಿನ ವೈಫೈ ತಪ್ಪು. ರೌಟರ್ ನೆಟ್ಟಗಿದ್ದು ಹೊರಗಿನದು ಮಾತ್ರ ಹಾರ್ತಿದ್ರೆ ಫೈಬರಿನವನಿಗೆ ಫೋನ್ ಮಾಡಿ. ಒಂದ್ಸಲ ಬಡ್ಸ್ ಹಾಕ್ಕೊಂಡು ಕಾಲಲ್ಲಿದ್ದು ನೋಡಿ, ಒಂದ್ಸಲ ಬಡ್ಸ್ ಇಲ್ದೆ.

ಅಡಿಕೆತೋಟ · ಮಧ್ಯಾಹ್ನ 1:30

ಬಡ್ಸ್ ಇಲ್ದೆ ರೌಟರ್‌ಗೆ 3, 4, ಒಂದೊಂದ್ಸಲ 12. ಬಡ್ಸಲ್ಲಿ ಕಾಲ್ ಇದ್ದಾಗ 60, 180, 9, 240, ಮಧ್ಯ ಎರಡು ಸಲ `Request timed out.` ಇದೇನ್ ಸಾರ್?

ರೌಟರ್‌ರಾಯ · ಮಧ್ಯಾಹ್ನ 1:42

ನೋಡ್ರಿ, ವೈಫೈ ಅಂದ್ನಿಲ್ಲೋ!

ಮೈಕ್‌ಮೇಷ್ಟ್ರು · ಮಧ್ಯಾಹ್ನ 2:15

ನೀವು ಅಂದಿದ್ದು ಪ್ಲಾನ್ 200ಕ್ಕೆ ಏರಿಸಿ ಅಂತ. ಒಂದು ವೀಡಿಯೊ ಕಾಲಿಗೆ ಒಂದೆರಡು ಎಂಬಿಪಿಎಸ್ ಧಾರಾಳ ಸಾಕು, ಬೇಕಿರೋದು ತಡೆಯಿಲ್ಲದ ಹರಿವು.

ಬಡ್ಸೂ 2.4 ಗಿಗಾಹರ್ಟ್ಸಲ್ಲಿ, ವೈಫೈ ಕೂಡ ಅದರಲ್ಲೇ ಇದ್ರೆ ಒಂದೇ ಓಣೀಲಿ ಎರಡು ಎತ್ತಿನಗಾಡಿ ಎದುರಾದಂಗೆ. ಎಷ್ಟೋ ಲ್ಯಾಪ್‌ಟಾಪಲ್ಲಿ ಎರಡಕ್ಕೂ ಒಂದೇ ಚಿಪ್ಪು, ಸರದಿ ಮೇಲೆ ಮಾತಾಡ್ತವೆ. ಬಡ್ಸ್ ಬಿಡಿ, ವೈಫೈ 5 ಗಿಗಾಹರ್ಟ್ಸಿಗೆ ಹಾಕಿ, ಆದ್ರೆ ಅದು ದಪ್ಪ ಗೋಡೆ ದಾಟಲ್ಲ, ರೌಟರ್ ಎದುರಿಗೇ ಕೂರಬೇಕು.

ನೀಲಿಕೊಡೆ · ಮಧ್ಯಾಹ್ನ 3:05

ನಾನು ಟೇಬಲ್ಲಿನ ಆ ಕಡೆಯವಳು, ವಾರಕ್ಕೆ ಹತ್ತು ಹನ್ನೆರಡು ಇಂಟರ್‌ವ್ಯೂ ತಗೋತೀನಿ. ವಾಯ್ಸ್ ಕ್ಲಿಯರ್ ಇದ್ರೆ ವೀಡಿಯೊ ಸ್ವಲ್ಪ ಮಸುಕಿದ್ರೂ ನನಗೇನೂ ಬೇಜಾರಿಲ್ಲ, ವಾಯ್ಸ್ ಹೋದ್ರೆ 4ಕೆ ಇದ್ದೂ ಏನ್ ಮಾಡ್ಲಿ ದೋಸೆ ಅವರೇ. ಬೆಳಕು ಮಾತ್ರ ಮುಂದಿಂದ ಬರಲಿ. ಹಿಂದೆ ಕಿಟಕಿ ಇದ್ರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ನಿಮ್ಮನ್ನ ಕತ್ತಲೆಗೆ ತಳ್ಳುತ್ತೆ, ಬ್ರೈಟ್‌ನೆಸ್ ಏರಿಸಿದ್ರೆ ಏನೂ ಆಗಲ್ಲ. ಟೇಬಲ್ ತಿರುಗಿಸಿ, ಅಷ್ಟೇ.

ಅಡಿಕೆತೋಟ · ಸಂಜೆ 5:30

ರೌಟರ್ ಇರೋದು ಜಗಲೀಲಿ, ಅಲ್ಲೇ ಮುಂದೆ ಕಿಟಕಿನೂ ಇದೆ. ಕೂತು ನೋಡ್ದೆ, ಮುಖ ಮನುಷ್ಯನ ಥರ ಕಾಣ್ತಿದೆ, 5 ಗಿಗಾಹರ್ಟ್ಸೂ ಸಿಗ್ತಿದೆ. ಆದ್ರೆ ಮೋಡ ಬಂದ್ರೆ ಮತ್ತೆ ಕಪ್ಪು. ರಿಂಗ್ ಲೈಟ್ ಇದೆ, ಹಾಕಿದ್ರೆ ಕನ್ನಡಕದಲ್ಲಿ ಎರಡು ಬಳೆ ಕಾಣುತ್ತೆ.

ಮೈಕ್‌ಮೇಷ್ಟ್ರು · ಸಂಜೆ 6:00

ಕನ್ನಡಕದವರು ರಿಂಗ್ ಲೈಟನ್ನ ನೇರ ಎದುರಿಗೆ ಇಡಬಾರದು. ತಲೆಗಿಂತ ಮೇಲಕ್ಕೆ ಎತ್ತಿ ಒಂದು ಪಕ್ಕಕ್ಕೆ ಸರಿಸಿ, ಬಳೆ ಚೌಕಟ್ಟಿಂದ ಆಚೆ ಜಾರೋವರೆಗೂ. ಇಲ್ಲಾಂದ್ರೆ ಅದನ್ನ ಬಿಳೀ ಗೋಡೆ ಕಡೆ ತಿರುಗಿಸಿಬಿಡಿ, ಗೋಡೆಯಿಂದ ವಾಪಸ್ ಬರೋ ಬೆಳಕೇ ಮೆತ್ತಗಿರುತ್ತೆ. ಮೋಡ ಬರ್ಲಿ ಬಿಡ್ಲಿ, ಮೊದಲಿಂದಲೇ ಹಾಕಿಡಿ.

ಇನ್ನು ಕಣ್ಣು. ಲ್ಯಾಪ್‌ಟಾಪ್ ಕೆಳಗೆ ಪುಸ್ತಕ ಪೇರಿಸಿ, ಕ್ಯಾಮೆರಾ ಹುಬ್ಬಿನ ಮಟ್ಟಕ್ಕೆ ಬರಬೇಕು. ಜೂಮ್ ಕಿಟಕಿ ಚಿಕ್ಕದು ಮಾಡಿ ಕ್ಯಾಮೆರಾ ಬುಡಕ್ಕೇ ಎಳೀರಿ. ಮುಖ ಸ್ಕ್ರೀನ್ ನಡುವೆ ಇದ್ರೆ ಕ್ಯಾಮೆರಾದಿಂದ ಅರ್ಧ ಗೇಣಿನ ಹತ್ತಿರ ಕೆಳಗೆ ನೋಡ್ತಿರ್ತೀರಿ, ಅದೇ ಅವರಿಗೆ ತಲೆ ತಗ್ಗಿಸಿದಂಗೆ ಕಂಡಿದ್ದು. ಅರ್ಧ ಅಡಿ ಹಿಂದೆ ಸರಿದು ಕೂತ್ರೆ ಆ ಓರೆ ಇನ್ನೂ ಕಮ್ಮಿ ಆಗುತ್ತೆ. ಮಾತಾಡೋವಾಗ ಪೂರ್ತಿ ಲೆನ್ಸ್ ನೋಡಿ.

ನೀಲಿಕೊಡೆ · ಸಂಜೆ 6:25

ಪೂರ್ತಿ ಬೇಡ ಮೇಷ್ಟ್ರೇ, ಕೆಲವರು ಅರ್ಧ ಗಂಟೆ ರೆಪ್ಪೆ ಹೊಡೀದೆ ಲೆನ್ಸ್ ನೋಡ್ತಾರೆ, ಪಾಸ್‌ಪೋರ್ಟ್ ಫೋಟೋ ಜೊತೆ ಮಾತಾಡಿದಂಗಿರುತ್ತೆ. ಉತ್ತರ ಶುರು ಮಾಡೋವಾಗ, ಮುಗಿಸೋವಾಗ ಲೆನ್ಸು, ನಾವು ಮಾತಾಡೋವಾಗ ನಮ್ಮ ಮುಖ ನೋಡಿ.

ಮೈಕ್‌ಮೇಷ್ಟ್ರು · ಸಂಜೆ 6:31

ನಾನು ಹಂಗೇ ಮಾಡೋದು, ಯಾರೂ ಏನೂ ಅಂದಿಲ್ಲ.

ನೀಲಿಕೊಡೆ · ಸಂಜೆ 6:34

ಮುಖದ ಮೇಲೆ ಯಾರು ಅಂತಾರೆ ಸಾರ್.

ಅಡಿಕೆತೋಟ · ರಾತ್ರಿ 9:10

ಜಗಳ ಆಮೇಲೆ, ಮೊದಲು ಕರೆಂಟಿಗೆ ಏನಾದ್ರೂ ಹೇಳಿ.

ರೌಟರ್‌ರಾಯ · ರಾತ್ರಿ 9:30

ಇದು ನನ್ನ ಸಬ್ಜೆಕ್ಟ್ ಐತಿ. ರೌಟರ್‌ಗೆ ಮಿನಿ ಯುಪಿಎಸ್ ಸಿಗ್ತೈತಿ. ರೌಟರ್ ಅಡಾಪ್ಟರ್ ಮ್ಯಾಲೆ ಓದ್ರಿ, ಬಹಳ ಮಂದೀದು 12 ವೋಲ್ಟ್ ಇರ್ತೈತಿ, ಆಂಪಿಯರ್ ಅಷ್ಟಾ ಇಲ್ಲಾ ಜಾಸ್ತಿ ಇರೋದು ತಗೊಳ್ರಿ, ವೋಲ್ಟ್ ಮಾತ್ರ ಬ್ಯಾರೆ ಆಗಬಾರ್ದು. ಫೈಬರ್ ಡಬ್ಬಿ ಬ್ಯಾರೆ ಇದ್ರ ಅದಕ್ಕೂ ಕೊಡ್ಬೇಕು, ಇದನ್ನ ಎಲ್ಲಾರೂ ಮರೀತಾರ, ರೌಟರ್ ದೀಪ ಉರೀತಿರ್ತೈತಿ, ನೆಟ್ ಇರಂಗಿಲ್ಲ.

ಎರಡನೇದು, ಮೊಬೈಲ್ ಡೇಟಾ ಫೈಬರ್ ಕಂಪನೀದ ಬ್ಯಾಡ, ಬ್ಯಾರೆ ಕಂಪನೀದ ಇರ್ಲಿ. ಹಾಟ್‌ಸ್ಪಾಟ್ ಬದಲು ಯುಎಸ್‌ಬಿ ಕೇಬಲ್ ಹಚ್ಚಿ ಟೆದರಿಂಗ್ ಮಾಡ್ರಿ, ಫೋನೂ ಚಾರ್ಜ್ ಆಗ್ತೈತಿ, ವೈಫೈ ತಂಟೆನೂ ಇಲ್ಲ. ಇವತ್ತ ಒಮ್ಮೆ ಕಾಲ್ ನಡದಾಗ ರೌಟರ್ ವೈರ್ ಕಿತ್ತು ನೋಡ್ರಿ ಎಷ್ಟ್ ಸೆಕೆಂಡ್ ಹಿಡೀತೈತಿ ಅಂತ.

ಮೈಕ್‌ಮೇಷ್ಟ್ರು · ರಾತ್ರಿ 9:44

ಇದಕ್ಕೆ ನಮಸ್ಕಾರ ರಾಯರೇ. ಡಬ್ಬಿ ವಿಷಯ ನನಗೂ ಹೊಳೆದಿರ್ಲಿಲ್ಲ.

ನೀಲಿಕೊಡೆ · ಬುಧವಾರ ಬೆಳಿಗ್ಗೆ 8:15

ಇವತ್ತೇ ಅವರಿಗೆ ಎರಡು ಸಾಲು ಮೇಲ್ ಹಾಕಿ: ನಮ್ಮ ಕಡೆ ಮಳೆ, ಲೈನ್ ಹೋದ್ರೆ ಎರಡು ನಿಮಿಷದಲ್ಲಿ ಮೊಬೈಲಿಂದ ಸೇರ್ತೀನಿ, ಆಗದಿದ್ರೆ ಈ ನಂಬರ್‌ಗೆ ಫೋನ್ ಮಾಡಿ. ಮೀಟಿಂಗ್ ಲಿಂಕ್ ಫೋನಲ್ಲೂ ತೆಗೆದಿಟ್ಟಿರಿ. ಎರಡರಲ್ಲೂ ಒಟ್ಟಿಗೆ ಆಡಿಯೋ ಸೇರಬೇಡಿ, ಎಕೋ ಶುರುವಾಗುತ್ತೆ.

ಕಡಲತಡಿ · ಬುಧವಾರ ಮಧ್ಯಾಹ್ನ 12:20

ಕಾಲರ್ ಮೈಕ್ ಕೆಲಸದ ಇಂಟರ್‌ವ್ಯೂಗೂ ಆಗ್ತದೆ, ಸುಮ್ನೆ ಹೇಳಿದ್ದು.

ಅಡಿಕೆತೋಟ · ಗುರುವಾರ ಮಧ್ಯಾಹ್ನ 2:05

ಮುಗೀತು. 11:25ಕ್ಕೆ ಕರೆಂಟ್ ಹೋಯ್ತು. ಮಿನಿ ಯುಪಿಎಸ್ ಸಾಗರದಲ್ಲೇ ಸಿಕ್ಕಿತ್ತು, ರೌಟರ್ ನಿಂತ್ಕೊಳ್ತು, ಆದ್ರೆ ಏಳೆಂಟು ನಿಮಿಷಕ್ಕೆ ನೆಟ್ಟೇ ಹೋಯ್ತು. ಫೈಬರಿನವನು ಹೇಳ್ದ ರಸ್ತೇಲಿರೋ ಅವರ ಡಬ್ಬದ ಬ್ಯಾಟರಿ ಸತ್ತಿದೆಯಂತೆ. ಕೇಬಲ್ ಟೆದರಿಂಗ್ ನಿನ್ನೆ ಟೆಸ್ಟಲ್ಲಿ 20 ಸೆಕೆಂಡ್ ತಗೊಂಡಿತ್ತು, ಇವತ್ತು 40. ಅವ್ರು ಮೇಲ್ ಓದಿದ್ರು ಅನ್ಸುತ್ತೆ, ಕಾಯ್ತಾ ಇದ್ರು. ವಾಯ್ಸ್ ಬಗ್ಗೆ ಒಂದು ಮಾತೂ ಬರ್ಲಿಲ್ಲ.

ಒಂದೇ ಒಂದು, ಇಯರ್‌ಫೋನ್ ಮೈಕು ಅಂಗಿ ಗುಂಡಿಗೆ ಉಜ್ಜಿ ಕರಕರ ಅಂತಿತ್ತಂತೆ, ನಡುವೆ ಪ್ಲಾಸ್ಟರ್ ಹಚ್ಚಿ ಕೂರಿಸ್ದೆ. ಮತ್ತೆ ಫೈಬರ್ ಇದ್ದಾಗಲೂ ಎರಡು ಸಲ ನನ್ನ ವೀಡಿಯೊ ಮೂರ್ನಾಲ್ಕು ಸೆಕೆಂಡ್ ನಿಂತುಬಿಡ್ತು, ವಾಯ್ಸ್ ಹೋಗ್ತಿತ್ತು. ಪಿಂಗ್ ಓಡಿಸಿಟ್ಟಿದ್ದೆ, ಆಗ ಏನೂ ಹಾರಿಲ್ಲ. ಅದ್ಯಾಕೆ?

ಮೈಕ್‌ಮೇಷ್ಟ್ರು · ಸಂಜೆ 4:30

ಬ್ಯಾಕ್‌ಗ್ರೌಂಡ್ ಬ್ಲರ್ ಹಾಕಿದ್ರಾ? ಲ್ಯಾಪ್‌ಟಾಪ್ ಬಿಸಿ ಆಗಿ ಉಸಿರು ಬಿಡ್ತಿತ್ತಾ? ಬ್ಯಾಟರೀಲಿ ಓಡ್ತಿತ್ತಾ?

ಅಡಿಕೆತೋಟ · ಸಂಜೆ 4:50

ಬ್ಲರ್ ಇತ್ತು, ಹಿಂದೆ ಅಡಿಕೆ ಮೂಟೆ ಕಾಣ್ಬಾರ್ದು ಅಂತ. ಬಿಸಿ ಆಗಿದ್ದು ನೆನಪಿಲ್ಲ. ಒಂದ್ಸಲ ಕರೆಂಟ್ ಇದ್ದಾಗ ನಿಂತಿದ್ದು, ಒಂದ್ಸಲ ಹೋದ್ಮೇಲೆ.

ರೌಟರ್‌ರಾಯ · ಸಂಜೆ 5:02

ಡಿಎನ್‌ಎಸ್ ಚೇಂಜ್ ಮಾಡಿದ್ರಿಲ್ಲೋ?

ಬೆಣ್ಣೆದೋಸೆ72 · ರಾತ್ರಿ 11:48

ಸಾರಿ ಲೇಟಾಯ್ತು, ಸೆಟಪ್ ಫೋಟೋ ನಾಳೆ ಪಕ್ಕಾ. ಟೆಲಿಪ್ರಾಂಪ್ಟರ್ ಗಾಜಲ್ಲಿ ಕಾಣೋ ಮುಖ ಕನ್ನಡಿ ಥರ ಉಲ್ಟಾ ಬರ್ತಿದೆ, ಜೂಮಲ್ಲಿ ಅದನ್ನ ತಿರುಗಿಸೋದು ಯಾರಿಗಾದ್ರೂ ಗೊತ್ತಾ?